ಮೇಲಿನ ಪಟ್ಟಿಯಲ್ಲಿದ್ದ ಅಕ್ಕನ ಹಣ

ಬ್ಯಾಂಕಿನ ಸಾಲದ ವಿಭಾಗದಲ್ಲೇ ತಲೆ ನರೆಸಿಕೊಂಡು ನಿವೃತ್ತನಾದ ನನಗೆ, ಇನ್ನು ಬ್ಯಾಲೆನ್ಸ್ ಶೀಟಿನ ಮುಖ ನೋಡುವುದಿಲ್ಲ ಎಂಬ ಹಟವಿತ್ತು. ಜಯನಗರದಲ್ಲಿ ಅದೆಲ್ಲ ನಡೆಯುವುದಿಲ್ಲ. ನಮ್ಮ ಬೀದಿಯ ಪಾತ್ರೆ ಅಂಗಡಿಯವರು ಒಂದು ಮಧ್ಯಾಹ್ನ, ಆಡಿಟರ್ ಕೊಟ್ಟ ಹಾಳೆಗಳನ್ನು ಹಿಡಿದು ಬಂದೇ ಬಿಟ್ಟರು. ಕುಕ್ಕರಿನ ಗ್ಯಾಸ್ಕೆಟ್ಟಿಗೂ ಚೌಕಾಸಿಗೆ ಬಗ್ಗದ ಮನುಷ್ಯ, ಅಂದು ಕುರ್ಚಿಯ ತುದಿಯಲ್ಲಿ ಕುಳಿತರು.

"ಎಲ್ಲಾ ಇಂಗ್ಲಿಷು ಸಾರ್. ಸೈನ್ ಮಾಡಿ ಅಂದ್ರು, ಮಾಡ್ಬಿಟ್ಟೆ. ಈಗ ನೋಡಿದ್ರೆ ಅಂಗಡಿ ಸಾಲನ ಎರಡು ಕಡೆ ಬರ್ದವ್ರೆ. ನಾನು ಎರಡು ಸಲ ಕಟ್ಬೇಕಾ?"

ಸಹಿ ಹಾಕಿದ ಮೇಲೆ ಓದಿಸಿಕೊಳ್ಳುವುದು ನಮ್ಮ ಜನರಿಗೆ ಅಂಟಿದ ಚಾಳಿ. ಬೈಯೋಣವೆನ್ನಿಸಿದರೂ ಕನ್ನಡಕ ಹಾಕಿಕೊಂಡೆ.

"ಎರಡು ಸಲ ಅಲ್ಲ ಮಾರಾಯ್ರೆ, ಎರಡು ಪಾಲು ಮಾಡಿದ್ದಾರೆ. ಕೆಳಗಿನ ಪಟ್ಟಿ ಕರೆಂಟ್. ಅಂದ್ರೆ ಈ ಮಾರ್ಚ್ ಕೊನೆಯಿಂದ ಹನ್ನೆರಡು ತಿಂಗಳೊಳಗೆ ಕೊಡ್ಬೇಕಾದ್ದು. ಮೇಲಿನದು ನಾನ್ ಕರೆಂಟ್, ಆಮೇಲೆ ಕೊಡೋದು. ನಿಮ್ಮ ಸಾಲದಲ್ಲಿ ಈ ವರ್ಷದ ಕಂತುಗಳ ಅಸಲು ಕೆಳಗೆ ಬಂದಿದೆ, ಮಿಕ್ಕಿದ್ದು ಮೇಲೆ ಉಳಿದಿದೆ."

"ಪಾತ್ರೆ ಕಳಿಸೋರ ಬಾಕಿ?"

"ಕೆಳಗೆ. ಜಿಎಸ್‌ಟಿನೂ ಕೆಳಗೆ. ಓಡಿ, ಅಂದ್ರೆ ಓವರ್‌ಡ್ರಾಫ್ಟ್, ಅದೂ ಅಲ್ಲೇ. ಬ್ಯಾಂಕು ಯಾವತ್ತು ಬೇಕಾದ್ರೂ ಕಟ್ಟು ಅನ್ಬಹುದಲ್ಲ. ಮೊದ್ಲು ಕೆಳಗಿಂದು ಹೊಂದಿಸ್ಕೊಳ್ಳಿ. ಅಂಗಡೀನ ಮುಳುಗಿಸೋದು ಅದೇ."

ಅವರು ತಲೆಯಾಡಿಸಿದರು. ಆಮೇಲೆ ತಾವು ನಿಜಕ್ಕೂ ಕೇಳಬೇಕಾದ್ದನ್ನು ಕೇಳಿದರು. "ನಮ್ಮಕ್ಕನ ದುಡ್ಡು ಎಲ್ಲೈತೆ ಸಾರ್?"

ಅಕ್ಕನಿಗೆ ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಬೇಗೂರಿನ ಕಡೆಯ ಸೈಟು ಮಾರಿ, ಬಂದ ಹಣವನ್ನು ಈ ತಮ್ಮನಿಗೆ ಅಂಗಡಿ ಕೊಳ್ಳುವಾಗ ಕೊಟ್ಟಿದ್ದರು. ಈಗ ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗೆ, ಮೂರನೇ ಮಹಡಿಯಲ್ಲಿದ್ದರು. ಲಿಫ್ಟ್ ಇಲ್ಲ. ಹೃದಯ ಸೋತಿದೆ, ಮೆಟ್ಟಿಲು ಹತ್ತಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅದೇ ರಸ್ತೆಯಲ್ಲಿ ನೆಲಮಹಡಿಯ ಮನೆಯೊಂದು ಲೀಸಿಗೆ ಸಿಗುವುದಿತ್ತು. ಲೀಸ್ ಎಂದರೆ ಗೊತ್ತಲ್ಲ, ಇಡೀ ಮೊತ್ತ ಒಟ್ಟಿಗೆ ಎಣಿಸಬೇಕು, ತಿಂಗಳ ಬಾಡಿಗೆ ಇರುವುದಿಲ್ಲ. ಆಕೆ ಮೊದಲ ಬಾರಿಗೆ ತನ್ನ ಹಣ ಕೇಳಿದ್ದರು.

ಹುಡುಕಿದೆ. ಅಕ್ಕನ ಹಣ ಮೇಲಿನ ಪಟ್ಟಿಯಲ್ಲಿತ್ತು. ಅದರ ಟಿಪ್ಪಣಿಯಲ್ಲಿ ಅಕ್ಕ ಬ್ಯಾಂಕಿಗೆ ಬರೆದುಕೊಟ್ಟ ಮುಚ್ಚಳಿಕೆಯ ಮಾತಿತ್ತು. ಇಂಥ ಮುಚ್ಚಳಿಕೆಗಳನ್ನು ನಾನೇ ಎಷ್ಟೋ ಜನರಿಂದ ಬರೆಸಿಕೊಂಡಿದ್ದೇನೆ. ಅಂಗಡಿಗೆ ಸಾಲ ಕೊಡುವಾಗ, ನೆಂಟರು ಹಾಕಿದ ಹಣವನ್ನು ಸಾಲ ತೀರುವ ತನಕ ತೆಗೆಯುವುದಿಲ್ಲ ಎಂದು ಬ್ಯಾಂಕು ಅವರಿಂದ ಸಹಿ ಪಡೆಯುತ್ತದೆ. ಸಾಲ ತೀರಲು ಇನ್ನೂ ಎರಡು ವರ್ಷದ ಹತ್ತಿರ ಬಾಕಿಯಿತ್ತು.

"ಅಕ್ಕ ಸೈನ್ ಹಾಕಿದ್ಲು, ನಿಜ. ನಾನೇ ಕರ್ಕೊಂಡು ಹೋಗಿದ್ದೆ," ಎಂದರು. ಹಾಳೆಯನ್ನೇ ನೋಡುತ್ತಾ, "ಮೇಲೆ ಅಂದ್ರೆ ಒಂದು ವರ್ಷ ಆದ್ಮೇಲೆ, ಅಲ್ವಾ? ಅವಳ ಹತ್ರ ಒಂದು ವರ್ಷ ಇಲ್ಲ ಸಾರ್," ಎಂದರು.

ಬ್ಯಾಂಕಿನ ಒಪ್ಪಿಗೆ ಕೇಳಿ ಎಂದು ನಾನೇ ಅರ್ಜಿ ಬರೆದುಕೊಟ್ಟೆ. ಮ್ಯಾನೇಜರ್ ಒಳ್ಳೆಯ ಮಾತೇ ಆಡಿದರಂತೆ. ಅಷ್ಟು ಹಣವನ್ನು ನೀವು ಬೇರೆ ಕಡೆಯಿಂದ ತಂದು ಅಂಗಡಿಗೆ ಹಾಕಿ, ಆಮೇಲೆ ಅಕ್ಕನದು ತೆಗೆಯಿರಿ ಎಂದರಂತೆ. ಬೇರೆ ಕಡೆ ಇದ್ದಿದ್ದರೆ ಬ್ಯಾಂಕಿಗೆ ಯಾಕೆ ಹೋಗುತ್ತಿದ್ದರು? ಹೆಂಡತಿಯ ಬಳೆ ಅಡವಿಟ್ಟರು, ಚಿಟ್ ಎತ್ತಲು ಓಡಾಡಿದರು. ಅಷ್ಟರಲ್ಲಿ ಆ ನೆಲಮಹಡಿಯ ಮನೆಯ ಮಾಲೀಕರು ಅದನ್ನು ಬೇರೆಯವರಿಗೆ ಲೀಸ್ ಕೊಟ್ಟರು. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅಕ್ಕನನ್ನು ಮೂರನೇ ಮಹಡಿಯಿಂದ ನಾಲ್ಕು ಜನ ಇಳಿಸಿದರು. ನಾನೂ ಹೋಗಿದ್ದೆ. ಮೆಟ್ಟಿಲ ತಿರುವು ಬಲು ಇಕ್ಕಟ್ಟು. ಪಾತ್ರೆ ಅಂಗಡಿಯವರೇ ಮುಂದೆ ಹಿಡಿದಿದ್ದರು.

ಮರುವರ್ಷ ಹೊಸ ಬ್ಯಾಲೆನ್ಸ್ ಶೀಟ್ ಬಂತು. ಈ ಸಲ ಸಹಿ ಮಾಡುವ ಮೊದಲೇ ತಂದಿದ್ದರು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವರೇ ಬೆರಳಿಟ್ಟು ಸಾಲು ತೋರಿಸಿದರು. ಬ್ಯಾಂಕಿನ ಸಾಲ ಇನ್ನು ಹನ್ನೆರಡು ತಿಂಗಳೊಳಗೆ ತೀರುವುದರಿಂದ ಅಕ್ಕನ ಹಣವೂ ಕೆಳಗಿನ ಪಟ್ಟಿಗೆ ಬಂದಿತ್ತು.

"ಸಾಲ ತೀರಿದ್ರೆ ಈ ವರ್ಷವೇ ಕೊಡ್ಬಹುದು, ಅಲ್ವಾ ಸಾರ್?"

"ಕೊಡಬಹುದು."

"ಯಾರಿಗೆ?"

ವಾರಸುದಾರರಿಗೆ ಎನ್ನುವುದು ಸರಿಯುತ್ತರ. ನಾನು ಹಾಳೆಗಳನ್ನು ಮಡಚಿ ಅವರ ಕೈಗಿಟ್ಟೆ.