ನೂರ ಇಪ್ಪತ್ತೈದು ಡಿಗ್ರಿ

ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳಿಗೆ ಒಂದಿಷ್ಟು ಜಂಬ ಬಂದೇ ಬರುತ್ತದೆ. ನನಗೆ ಒಂದಿಷ್ಟಲ್ಲ, ಹೊರೆಗಟ್ಟಲೆ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಉಳಿದವರು ಮೂರು ದಿನ ಗುದ್ದಾಡುವ ಉತ್ತರಪತ್ರಿಕೆಯ ಕಟ್ಟನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಕೊನೆಯ ಸಾಲಿನ ಉತ್ತರ ನೋಡುವುದು, ಕೀ ಉತ್ತರಕ್ಕೆ ತಾಳೆಯಾದರೆ ಅಂಕ, ಆಗದಿದ್ದರೆ ಕೆಂಪು ಗೀಟು. ಒಮ್ಮೆ ಹಾಕಿದ ಗೀಟನ್ನು ಹಿಂತೆಗೆದುಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ನಮ್ಮದು ಬಸವೇಶ್ವರನಗರದ ಒಂದು ಹಳೆಯ ಶಾಲೆ. ಕನ್ನಡ ಮಾಧ್ಯಮ ಸೊರಗಿ ಸೊರಗಿ ತರಗತಿಗೊಂದೇ ವಿಭಾಗವಾಗಿ ಉಳಿದಿತ್ತು. ಆದರೂ ಹತ್ತನೇ ತರಗತಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಎಂಬ ಬ್ಯಾನರನ್ನು ಪ್ರತಿವರ್ಷ ಗೇಟಿಗೆ ಕಟ್ಟುತ್ತಿದ್ದೆವು. ಅದರ ಗುಟ್ಟು ಹತ್ತನೇ ತರಗತಿಯಲ್ಲಿರಲಿಲ್ಲ, ಒಂಬತ್ತರಲ್ಲಿತ್ತು. ಒಂಬತ್ತನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಇಪ್ಪತ್ತೆಂಟು ಅಂಕ ಬಾರದ ಮಕ್ಕಳ ಮನೆಯವರನ್ನು ಕರೆಸಿ, ಮೆತ್ತಗೆ ಮಾತಾಡಿ, ಟಿಸಿ ಕೊಟ್ಟು ಕಳಿಸಿಬಿಡುತ್ತಿದ್ದರು. ಆ ಪಟ್ಟಿಗೆ ನಾನೂ ಎಷ್ಟೋ ಸಲ ಸಹಿ ಹಾಕಿದ್ದೇನೆ. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಆ ವರ್ಷ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ಎಂಟನೇ ತರಗತಿಯ ನಡುವೆ ಗದಗದ ಕಡೆಯಿಂದ ಬಂದು ಸೇರಿದ ಹುಡುಗಿ. ಶ್ರೀಗಂಧದ ಕಾವಲಿನಲ್ಲಿ ಒಂದು ಕೋಣೆಯ ಮನೆ, ಅಪ್ಪ ಗಾರೆ ಕೆಲಸ, ಅಮ್ಮ ಗಾರ್ಮೆಂಟ್ಸ್‌ನಲ್ಲಿ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಬಾಯಿ ಬಿಟ್ಟರೆ ಉಳಿದವರು ಅವಳ ಮಾತಿನ ರಾಗವನ್ನು ಅಣಕಿಸುತ್ತಾರೆಂದು ಬಾಯಿಯನ್ನೇ ಬಿಡುತ್ತಿರಲಿಲ್ಲ. ಗಣಿತದಲ್ಲಿ ಅವಳಿಗೆ ಬಂದದ್ದು ಇಪ್ಪತ್ತಾರು. ಉಳಿದೆಲ್ಲ ವಿಷಯಗಳಲ್ಲಿ ಹೇಗೋ ದಾಟಿಕೊಂಡಿದ್ದಳು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಪೇಪರ್ ತೋರಿಸುವ ದಿನ. ಆ ದಿನ ನನ್ನ ಮೇಜಿನ ಮುಂದೆ ರೇಷನ್ ಅಂಗಡಿಯ ಸಾಲು ಇರುತ್ತದೆ. ಅರ್ಧ ಅಂಕ ಬಿಟ್ಟಿದೆ ಮಿಸ್, ಒಳಗಿನ ಪುಟ ನೋಡಿಲ್ಲ ಮಿಸ್, ಟೋಟಲ್ ತಪ್ಪಾಗಿದೆ ಮಿಸ್. ಎಲ್ಲರನ್ನೂ ಸಾಗಹಾಕುವಷ್ಟರಲ್ಲಿ ವಿರಾಮದ ಗಂಟೆ ಹೊಡೆಯಿತು, ತರಗತಿ ಖಾಲಿಯಾಯಿತು. ಇವಳೊಬ್ಬಳು ಉಳಿದಿದ್ದಳು. ಅವಳ ಅಮ್ಮನನ್ನು ಅದೇ ಹೊತ್ತಿಗೆ ಹೆಡ್ ಮಾಸ್ಟರ್ ಕೋಣೆಗೆ ಬರಹೇಳಿದ್ದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಏನಮ್ಮ, ಟೋಟಲ್ ಸರಿ ಇದ್ಯಲ್ಲ" ಎಂದೆ.

"ಟೋಟಲ್ ಸರಿ ಐತ್ರಿ ಮಿಸ್. ಇದೊಂದು ಪ್ರಶ್ನೆ ನೋಡ್ರಿ."

ಎರಡು ಅಂಕದ ಪ್ರಶ್ನೆ. O ಕೇಂದ್ರವಾಗಿರುವ ವೃತ್ತದಲ್ಲಿ AOB ಕೋನ ನೂರ ಹತ್ತು ಡಿಗ್ರಿ. C ಬಿಂದು ಲಘು ಕಂಸ AB ಮೇಲಿದೆ, ಎಂದರೆ A ಮತ್ತು B ನಡುವಿನ ಚಿಕ್ಕ ಬಾಗಿನ ಮೇಲೆ. ACB ಕೋನ ಎಷ್ಟು? ನನ್ನ ಕೀ ಉತ್ತರ ಐವತ್ತೈದು. ಇವಳು ಬರೆದದ್ದು ನೂರ ಇಪ್ಪತ್ತೈದು. ಅದರ ಮೇಲೆ ನನ್ನ ಕೆಂಪು ಗೀಟು, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ "ಪ್ರಮೇಯ ಸರಿಯಾಗಿ ಓದು".

"ಕೇಂದ್ರದಲ್ಲಿ ಎಷ್ಟೋ, ಪರಿಧಿಯಲ್ಲಿ ಅದರರ್ಧ. ವರ್ಷವೆಲ್ಲಾ ಇದೇ ಬಡ್ಕೊಂಡಿದೀನಿ ತಾನೇ? ನೂರ ಹತ್ತರ ಅರ್ಧ ಎಷ್ಟು?"

"ಐವತ್ತೈದ್ರಿ."

"ಮತ್ತೆ?"

ಅವಳು ತಾನು ಬರೆದ ಚಿತ್ರದ ಮೇಲೆ ಬೆರಳಿಟ್ಟಳು. "C ಇಲ್ಲಿ ಐತಲ್ರಿ ಮಿಸ್. ಇಲ್ಲಿ ಕೋನ ನೋಡಾಕನ ಅಗಲ ಐತಿ. ಐವತ್ತೈದು ಹೆಂಗ್ ಬರ್ತೈತ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತಾರು ಅಂಕದವಳು ನನಗೆ ಪಾಠ ಹೇಳುವುದೇ? ಅವಳ ಬಾಯಿ ಮುಚ್ಚಿಸಬೇಕೆಂದೇ ಹಲಗೆಯ ಮರದ ಕೈವಾರ ಎತ್ತಿಕೊಂಡೆ. ಸೀಮೆಸುಣ್ಣ ಸಿಕ್ಕಿಸಿ ದೊಡ್ಡದೊಂದು ವೃತ್ತ ಎಳೆದೆ. ನಡುವೆ O. ಕೋನಮಾಪಕ ಇಟ್ಟು ನೂರ ಹತ್ತು ಡಿಗ್ರಿಗೆ ಸರಿಯಾಗಿ A, B. ಆಮೇಲೆ ಅಭ್ಯಾಸಬಲದಿಂದ ನನ್ನ ಕೈ ವೃತ್ತದ ಆಚೆ ಬದಿಗೆ, ದೊಡ್ಡ ಕಂಸದ ಕಡೆಗೆ, C ಗುರುತಿಸಲು ಹೋಯಿತು.

"ಅಲ್ಲಲ್ರಿ ಮಿಸ್. ಲಘು ಕಂಸ."

ಕೈ ನಿಂತಿತು. ಈಚೆ ತಂದು A, B ಗಳ ನಡುವೆ C ಇಟ್ಟೆ, ಗೆರೆ ಎಳೆದು ಅಳೆದೆ. ನೂರ ಇಪ್ಪತ್ತೈದು. ಹಲಗೆಯ ಕೋನಮಾಪಕ ಹಳೆಯದು, ಅಂಚು ಸವೆದಿದೆ ಎಂದುಕೊಂಡು ಇನ್ನೊಂದು ಸಲ ಅಳೆದೆ. ಅಷ್ಟೇ ಬಂತು. ಪಾಪದ ಕೋನಮಾಪಕದ ತಪ್ಪೇನೂ ಇರಲಿಲ್ಲ.

ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಲಘು ಕಂಸ ಎಂದೇ ಇತ್ತು. ಆಗ ಎಲ್ಲವೂ ನೆನಪಾಯಿತು. ಹಿಂದಿನ ವರ್ಷದ ಪತ್ರಿಕೆಯಲ್ಲಿ ಇದೇ ಪ್ರಶ್ನೆ "ಅಧಿಕ ಕಂಸ" ಎಂದಿತ್ತು, ಎಂದರೆ C ದೊಡ್ಡ ಬಾಗಿನ ಮೇಲೆ. ಹಳೇ ಪತ್ರಿಕೆ ಉರುಹೊಡೆದು ಬರುವವರನ್ನು ಬೀಳಿಸೋಣವೆಂದು ನಾನೇ ಒಂದು ಪದ ಬದಲಿಸಿದ್ದೆ. ಕೀ ಉತ್ತರವನ್ನು ಮಾತ್ರ ಹಳೆಯದರಿಂದಲೇ ನಕಲು ಮಾಡಿದ್ದೆ. ಮಕ್ಕಳಿಗೆ ತೋಡಿದ ಗುಂಡಿಗೆ ನಾನೇ ಬಿದ್ದು, ಹಾಯಾಗಿ ಅಲ್ಲೇ ಕೂತು ಮೂವತ್ತು ಪತ್ರಿಕೆ ತಿದ್ದಿದ್ದೆ. ಹತ್ತೊಂಬತ್ತು ಮಂದಿ ಐವತ್ತೈದು ಬರೆದು ಎರಡೆರಡು ಅಂಕ ಪಡೆದಿದ್ದರು, ಮೊದಲ ರ‍್ಯಾಂಕಿನವಳೂ ಸೇರಿ. ಉಳಿದವರು ಪ್ರಶ್ನೆಯನ್ನೇ ಮುಟ್ಟಿರಲಿಲ್ಲ. ಸರಿ ಬರೆದವಳು ಇವಳೊಬ್ಬಳೇ.

"ನೀನು ಹೇಗೆ ಮಾಡಿದೆ, ಹೇಳು" ಎಂದೆ.

"ನಂಗ ಬಾಯಿಪಾಠ ಬರಂಗಿಲ್ರಿ ಮಿಸ್. ಚಿತ್ರ ಬರದ್ನಿ. C ಚಿಕ್ಕ ಕಂಸದ ಮ್ಯಾಲೆ ಕುಂತಾಳ. ಆಕಿ ಮುಂದ ಇರೋದು ಆ ಕಡೀ ದೊಡ್ಡ ಕಂಸ. ಅದಕ್ಕ ಕೇಂದ್ರದಾಗ ಕೋನ ನೂರಾ ಹತ್ತು ಅಲ್ರಿ, ಮುನ್ನೂರ ಅರವತ್ತರಾಗ ನೂರಾ ಹತ್ತು ಕಳದ್ರ ಇನ್ನೂರೈವತ್ತು. ಅದರ ಅರ್ಧ."

ಅಷ್ಟೇ. ಇಡೀ ಪ್ರಮೇಯ ಅಷ್ಟೇ. ನೂರ ಎಂಬತ್ತನ್ನು ಮೀರಿದ ಕೋನಕ್ಕಿರುವ ಸರಳಾಧಿಕ ಕೋನ ಎಂಬ ಪದ ಅವಳ ಬಾಯಲ್ಲಿ ಬರಲಿಲ್ಲ, ಆದರೆ ಆ ಕೋನವನ್ನು ಅವಳು ಕಂಡಿದ್ದಳು. ಆದರೂ ನನ್ನ ಜಂಬ ಅಷ್ಟು ಸುಲಭಕ್ಕೆ ಸಾಯುವ ಜಾತಿಯದಲ್ಲ. ಇನ್ನೊಂದು ದಾರಿಯಲ್ಲಿ ಪರೀಕ್ಷಿಸಿದೆ. ದೊಡ್ಡ ಕಂಸದ ಮೇಲೆ D ಇಟ್ಟರೆ ಅಲ್ಲಿ ಕೋನ ಐವತ್ತೈದು. A, C, B, D ನಾಲ್ಕೂ ವೃತ್ತದ ಮೇಲಿರುವುದರಿಂದ ಚಕ್ರೀಯ ಚತುರ್ಭುಜ, ಎದುರು ಕೋನಗಳು ಸೇರಿದರೆ ನೂರ ಎಂಬತ್ತು. ಐವತ್ತೈದು ಕಳೆದರೆ ಮತ್ತೆ ಅದೇ ನೂರ ಇಪ್ಪತ್ತೈದು. ಸೋತೆ. ಸೋತದ್ದಕ್ಕೆ ಒಳಗೊಳಗೇ ಎಂಥದೋ ಖುಷಿಯೂ ಆಯಿತು ಎಂದರೆ ನಂಬುತ್ತೀರೋ ಇಲ್ಲವೋ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವಾದರೂ ನನ್ನ ಮಾತು ಬಿಟ್ಟು ಚಿತ್ರವನ್ನು ನಂಬಿತ್ತು.

"ನಡಿ" ಎಂದು ಅವಳನ್ನೂ ಪೇಪರನ್ನೂ ಹೆಡ್ ಮಾಸ್ಟರ್ ಕೋಣೆಗೆ ಎಳೆದುಕೊಂಡು ಹೋದೆ.

ಅವಳ ಅಮ್ಮ ಅಲ್ಲಿ ನಿಂತಿದ್ದರು. ಕುರ್ಚಿ ಖಾಲಿಯಿದ್ದರೂ ಕೂತಿರಲಿಲ್ಲ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ: ತಪ್ಪು ನನ್ನದು, ಐವತ್ತೈದು ಬರೆದ ಹತ್ತೊಂಬತ್ತು ಮಂದಿಯ ಉತ್ತರವೂ ತಪ್ಪು, ಇವಳಿಗೆ ಎರಡು ಅಂಕ ಬರಬೇಕು, ಇಪ್ಪತ್ತೆಂಟಾಗುತ್ತದೆ, ಪಾಸು.

ಹೆಡ್ ಮಾಸ್ಟರ್ ಕನ್ನಡದ ಮೇಷ್ಟ್ರಾಗಿದ್ದವರು, ಗಣಿತವೆಂದರೆ ಅಷ್ಟಕ್ಕಷ್ಟೇ. ಆದರೆ ಹತ್ತೊಂಬತ್ತು ಮಂದಿಯ ಅಂಕ ಕಡಿಮೆಯಾಗುತ್ತದೆ ಎನ್ನುವುದು ಅವರಿಗೆ ತಕ್ಷಣ ಅರ್ಥವಾಯಿತು.

"ಅಷ್ಟು ಜನ ಪೇರೆಂಟ್ಸ್ ಬಂದು ಗಲಾಟೆ ಮಾಡ್ತಾರೆ ಮೇಡಂ. ಅದನ್ನೆಲ್ಲಾ ಕೆದಕೋದು ಬೇಡ. ಈ ಹುಡುಗಿಗೆ ಎರಡು ಗ್ರೇಸ್ ಹಾಕಿ ಪಾಸ್ ಮಾಡ್ಬಿಡಿ. ಆದ್ರೆ ಗ್ರೇಸ್ ಮೇಲೆ ಪಾಸಾದವ್ರನ್ನ ಹತ್ತಕ್ಕೆ ತಗೊಳಲ್ಲ, ನಿಮಗೇ ಗೊತ್ತಲ್ಲ. ಬೇರೆ ಕಡೆ ಸೇರ್ಕೊಳ್ಲಿ."

"ಗ್ರೇಸ್ ಅಂದ್ರ ಏನ್ರಿ ಸರ?" ಎಂದು ಅಮ್ಮ ಕೇಳಿದರು.

"ಉತ್ತರ ತಪ್ಪಿದ್ರೂ, ಪಾಪ ಅಂತ ಕೊಡೋ ಮಾರ್ಕ್ಸಮ್ಮ."

"ಉತ್ತರ ಸರಿ ಐತಂತ ಮೇಡಮ್ಮಾರೇ ಹೇಳಾಕತ್ತಾರಲ್ರಿ. ಮತ್ತ ಪಾಪ ಅನ್ನೋದು ಯಾಕ್ರಿ?"

ಆ ಹೆಂಗಸು ದನಿ ಏರಿಸಲಿಲ್ಲ. ಅರ್ಥವಾಗಲಿಲ್ಲ, ಬಿಡಿಸಿ ಹೇಳಿ ಎನ್ನುವಂತೆ ಕೇಳಿದರು. ಹೆಡ್ ಮಾಸ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ಗ್ರೇಸ್ ಹಾಕಲ್ಲ ಸಾರ್. ಇವಳು ದುಡಿದ ಅಂಕ ಇವಳಿಗೆ ಕೊಡ್ತೀನಿ. ಗಲಾಟೆಗೆ ಬಂದವ್ರನ್ನ ನನ್ನ ಹತ್ರ ಕಳ್ಸಿ" ಎಂದೆ. ಅಷ್ಟು ಗಟ್ಟಿಯಾಗಿ ಅವರೆದುರು ನಾನು ಹಿಂದೆಂದೂ ಮಾತಾಡಿರಲಿಲ್ಲ.

"ಸರಿ, ನನಗೊಂದ್ಸಲ ತೋರ್ಸಿ ನೋಡೋಣ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಮೇಜಿನ ಮೇಲಿದ್ದ ಹಾಳೆಯಲ್ಲಿ ಚಿತ್ರ ಬರೆಯತೊಡಗಿದ್ದಳು. ಜಾಮಿಟ್ರಿ ಬಾಕ್ಸು ಅವಳ ಕೈಯಲ್ಲೇ ಇತ್ತು. ಬರೆದು, ಕೋನಮಾಪಕವನ್ನು ಅವರ ಮುಂದಿಟ್ಟು, "ನೀವ ಅಳೀರಿ ಸರ" ಎಂದಳು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ಅಳೆದರು. ಬಹಳ ಹೊತ್ತು ಅಳೆದರು. ಆಮೇಲೆ ಪಟ್ಟಿ ತೆಗೆದು ಆ ಒಂದೇ ಒಂದು ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು.

"ಹತ್ತನೇ ಕ್ಲಾಸಿಗೆ ಬರ್ತಾಳಮ್ಮ ನಿಮ್ಮ ಮಗಳು" ಎಂದರು. ಅಮ್ಮ ಆಗ ಕುರ್ಚಿಯಲ್ಲಿ ಕೂತರು. ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಕಣ್ಣೂ ತುಂಬಿತ್ತು, ಮುಚ್ಚಿಡುವುದೇನು.

ವಿರಾಮ ಮುಗಿದಿತ್ತು. ತರಗತಿಗೆ ಹೋಗಿ, ಹತ್ತೊಂಬತ್ತು ಮಂದಿಯ ಪತ್ರಿಕೆ ವಾಪಸು ತೆಗೆದುಕೊಂಡು, ಕಾರಣ ಹೇಳಿ ಎರಡೆರಡು ಅಂಕ ಕಡಿದೆ. ಯಾರೂ ಅದರಿಂದ ಫೇಲಾಗಲಿಲ್ಲ, ಆದರೆ ಗುಸುಗುಸು ಎದ್ದಿತು. ಮೊದಲ ರ‍್ಯಾಂಕಿನವಳು ಎದ್ದು ನಿಂತು, "ಮಿಸ್, ಒಬ್ರಾದ್ರೂ ಸರಿ ಮಾಡಿದಾರಾ?" ಎಂದು ಕೇಳಿದಳು. ಯಾರೂ ಇಲ್ಲವೆಂಬ ಭರವಸೆ ಅವಳ ದನಿಯಲ್ಲಿತ್ತು.

ನಾನು ಸೀಮೆಸುಣ್ಣವನ್ನು ಕೊನೆಯ ಬೆಂಚಿನ ಕಡೆ ಚಾಚಿದೆ. "ಬಾಮ್ಮ, ನೀನೇ ಹೇಳ್ಕೊಡು."

ಅವಳು ಬಂದಳು. ನಾನು ಹೋಗಿ ಅವಳ ಜಾಗದಲ್ಲಿ ಕೂತೆ. ಅಲ್ಲಿಂದ ಹಲಗೆ ಎಷ್ಟು ದೂರ ಕಾಣುತ್ತದೆ ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಅವಳು ವೃತ್ತ ಎಳೆದಳು, A, B, O ಬರೆದಳು, ಚಿಕ್ಕ ಕಂಸದ ಮೇಲೆ C ಇಟ್ಟಳು. ಆಮೇಲೆ ತಿರುಗಿ ಇಡೀ ತರಗತಿಯನ್ನು ಒಮ್ಮೆ ನೋಡಿದಳು.

"C ಮುಂದ ಇರೋದು ಯಾವ ಕಂಸ, ಹೇಳ್ರಿ."

ಅವತ್ತು ಅವಳ ರಾಗವನ್ನು ಯಾರೂ ಅಣಕಿಸಲಿಲ್ಲ. ಕೊನೆಯ ಬೆಂಚಿನಿಂದ ನಾನು ಕೈ ಎತ್ತಿದೆ.