ವಿಧೇಯ ಎಂಬ ಮಾತಿಲ್ಲದ ಪತ್ರ

ದೇವದುರ್ಗದ ತಾಯಣ್ಣ ಮೇಷ್ಟ್ರು ರಾಯಚೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಶಿಫಾರಸು ಪತ್ರ ಬೇಕೆಂದು ಬಂದವರಿಗೆಲ್ಲ ಅವರದು ಒಂದೇ ಮಾತು: "ನೀನs ಬರ್ಕೊಂಡು ಬಾ, ಸಹಿ ಹಾಕ್ತೀನಿ." ಅಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಹುಡುಗರು ಜೆರಾಕ್ಸ್ ಅಂಗಡಿಯ ಹಳೇ ಮಾದರಿಯಲ್ಲಿ ಹೆಸರು ಬದಲಿಸಿ ತರುವರು, ಮೇಷ್ಟ್ರು ಸಹಿ ಹಾಕುವರು, ಪ್ರಾಂಶುಪಾಲರ ದುಂಡು ಸೀಲು ಬೀಳುವುದು. ಆ ಪತ್ರದಲ್ಲಿ ಎಲ್ಲ ಮಕ್ಕಳೂ ವಿಧೇಯರು, ಎಲ್ಲರೂ ಪರಿಶ್ರಮಿಗಳು.

ರಾಧಾ ಮಾತ್ರ ಬರೆಯಲು ಒಪ್ಪಲಿಲ್ಲ. ಮಾನ್ವಿ ತಾಲೂಕಿನ ಬಾಗಲವಾಡದ ಕುರಿ ಸಾಕುವವರ ಮಗಳು, ಎಂ.ಎಸ್ಸಿ. ಕೊನೇ ವರ್ಷ. ನೀರಿನ ಸಂಶೋಧನೆಗೆ ವಿದೇಶದ ಒಂದು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದಳು.

"ನಾ ಬರಿಯಂಗಿಲ್ರಿ ಸರ. ನಿಮ್ಮ ಮೇಲ್‌ಗೆ ಲಿಂಕ್ ಬರ್ತದ, ನೀವs ಬರದು ಹಾಕ್ಬೇಕು. ಶುಕ್ರವಾರ ಸಂಜಿ ಐದಕ್ಕ ಕಡೀ. ಪತ್ರ ಬರಲಿಲ್ಲಂದ್ರ ಅರ್ಜಿನ ತಗೊಳ್ಳಂಗಿಲ್ಲ."

ತಾಯಣ್ಣ ಕೂತು ಬರೆದರು. ಅವರ ಇಂಗ್ಲಿಷು ಪಾಠಕ್ಕೆ ಸಾಕು, ಪತ್ರಕ್ಕೆ ಕುಂಟುತ್ತಿತ್ತು. ಮರುದಿನ ಇಂಗ್ಲಿಷ್ ವಿಭಾಗದ ಅತಿಥಿ ಉಪನ್ಯಾಸಕಿ ಜಾಹೆದಾ ಅವರ ಮುಂದೆ ಹಾಳೆಯಿಟ್ಟು, "ವ್ಯಾಕರಣ ತಿದ್ರಿ ಮೇಡಮ್, ಸ್ವಲ್ಪ ಪ್ರೀತೀನೂ ಕಾಣೂ ಹಂಗ ಮಾಡ್ರಿ" ಅಂದರು.

ಜಾಹೆದಾ ಕೆಂಪು ಪೆನ್ನು ಹಿಡಿದು ಓದಿದರು. ಕ್ರಿಯಾಪದಗಳ ಕಾಲ ತಿದ್ದಿದರು, ಉದ್ದುದ್ದ ವಾಕ್ಯ ಮುರಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ವ್ಯಾಕರಣ ಸರಿ ಮಾಡಿನ್ರಿ ಸರ. ಪ್ರೀತಿ ನಾ ಎಲ್ಲಿಂದ ತರ್ಲಿ? ಬಡವಿ, ವಿಧೇಯಳು, ಹಿಂದುಳಿದ ಹಳ್ಳಿಯಾಕಿ ಅಂತ ಬರ್ದೀರಿ. ಇದರಾಗ ರಾಧಾ ಎಲ್ಲಿ ಅದಾಳ?"

ತಾಯಣ್ಣನವರ ಮುಖ ಕಪ್ಪಿಟ್ಟಿತು. ಅವರ ಅಪ್ಪ ಸುಂಕಪ್ಪ ಕೂಲಿ ಮಾಡುತ್ತಿದ್ದವನು. ಮೂವತ್ತು ವರ್ಷದ ಹಿಂದೆ ಅವರ ಫೆಲೋಶಿಪ್‌ಗೆ ಗುರುಗಳು ಬರೆದ ಪತ್ರದಲ್ಲೂ ಇವೇ ಮಾತುಗಳಿದ್ದವು: ಬಡವ, ವಿಧೇಯ, ಹಿಂದುಳಿದವ. ಅದನ್ನು ಓದಿದ ದಿನ ಅವರಿಗೆ ಊಟ ಸೇರಿರಲಿಲ್ಲ. ಈಗ ತಮ್ಮದೇ ಕೈಯಿಂದ ಅದೇ ಮಾತು ಬಿದ್ದಿತ್ತಲ್ಲ ಎಂದು ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

"ಆಕಿ ವಿಧೇಯಳಲ್ಲ," ಎಂದರು. "ನನ್ನ ತಪ್ಪು ಹಿಡದಾಕಿ."

ಹೋದ ವರ್ಷದ ಮಾತು. ಯಾಪಲದಿನ್ನಿ ಕಡೆಯ ಒಂದು ಹಳ್ಳಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿಯೊಳಗಿದೆ ಎಂದು ತಾಯಣ್ಣ ವರದಿ ಕೊಟ್ಟಿದ್ದರು. ರಾಧಾ ತುಂಬಿದ ತರಗತಿಯಲ್ಲಿ ಎದ್ದು ನಿಂತು, "ಸರ, ನೀವು ನೀರಿನ ಜೋಡಿ ಹೋಲಿಸಾಕ ಇಟ್ಕೊಂಡ ಅಳತಿ ದ್ರಾವಣದ ಬಾಟ್ಲಿ ಮುಚ್ಚಳ ಸಡಲ ಇತ್ತು. ನೀರು ಆರಿ ಅದು ಗಟ್ಟಿ ಆಗೇದ. ಅದಕ್ಕs ನಿಮ್ಮ ಲೆಕ್ಕ ಕಡಿಮಿ ಬಂದದ" ಎಂದಳು. ಹೊಸ ದ್ರಾವಣ ಮಾಡಿ ಅಳೆದು ತೋರಿಸಿದಳು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಅಲ್ಲಿ ಎರಡನ್ನು ದಾಟಿತ್ತು.

"ಇದನ್ನ ಬರೀರಿ," ಎಂದರು ಜಾಹೆದಾ.

ತಾಯಣ್ಣ ಬರೆದರು, ಜಾಹೆದಾ ತಿದ್ದಿದರು. ಒಂದು ಕಡೆ 'ಸಣ್ಣ ವ್ಯತ್ಯಾಸ' ಎಂದು ಅವರು ಮೆತ್ತಗೆ ಮಾಡಿದ್ದನ್ನು ತಾಯಣ್ಣ ಹೊಡೆದುಹಾಕಿ 'ನನ್ನ ತಪ್ಪು' ಎಂದೇ ಇಟ್ಟರು. 'ವಿಧೇಯಳು' ಎಂಬ ಮಾತು ಹೋಯಿತು. 'ಬಡವಿ'ಯೂ ಹೋಯಿತು.

ಶುಕ್ರವಾರ ಮಧ್ಯಾಹ್ನ ಸೀಲಿಗೆಂದು ಹೋದರೆ ಪ್ರಾಂಶುಪಾಲ ಪ್ರಭುರಾಜ ಪತ್ರ ಓದಿ ಕಣ್ಣು ಕೆಂಪಗೆ ಮಾಡಿದರು.

"ಕಾಲೇಜಿನ ಲೆಟರ್‌ಹೆಡ್ ಮ್ಯಾಲ ನಮ್ಮ ಮರ್ಯಾದಿ ಕಳೀತೀರೇನ್ರಿ? ಆ ಸಾಲು ತಗೀರಿ, ಸೀಲ್ ಹಾಕ್ತೀನಿ."

"ತಗಿಯಂಗಿಲ್ರಿ."

"ಹಂಗಾದ್ರ ಸೀಲ್ ಇಲ್ಲ."

ಇಪ್ಪತ್ತೆರಡು ವರ್ಷದಲ್ಲಿ ದುಂಡು ಸೀಲಿಲ್ಲದ ಒಂದು ಕಾಗದವನ್ನೂ ತಾಯಣ್ಣ ಹೊರಗೆ ಕಳಿಸಿದವರಲ್ಲ. ವಿಭಾಗಕ್ಕೆ ಬಂದು ಲಿಂಕ್ ತೆರೆದು, ಸೂಚನೆಗಳನ್ನು ಎರಡು ಸಲ ಓದಿದರು. ಪತ್ರ ಬರೆದವರ ಸಹಿ, ಹುದ್ದೆ, ಕಾಲೇಜಿನ ಲೆಟರ್‌ಹೆಡ್ ಕೇಳಿದ್ದರು. ಸೀಲನ್ನು ಯಾರೂ ಕೇಳಿರಲಿಲ್ಲ.

"ಇಷ್ಟು ವರ್ಷ ಯಾರಿಗೆ ಅಂಜಿದೆನೋ!" ಎಂದು ತಮ್ಮಷ್ಟಕ್ಕೇ ಗದರಿಕೊಂಡು, ಪತ್ರವನ್ನು ಸ್ಕ್ಯಾನ್ ಮಾಡಿ ನಾಲ್ಕೂ ಇಪ್ಪತ್ತಕ್ಕೆ ಏರಿಸಿಬಿಟ್ಟರು. ಸೋಮವಾರ ಪ್ರಾಂಶುಪಾಲರು ನೋಟಿಸು ಕೊಟ್ಟರು. ತಾಯಣ್ಣ ಅದಕ್ಕೂ ಒಂದೇ ಸಾಲಿನ ಉತ್ತರ ಬರೆದರು: ಬರೆದದ್ದು ನಿಜ.

ಎರಡು ತಿಂಗಳ ಮೇಲೆ ರಾಧಾಳ ಫೋನು ಬಂತು. ಆನ್‌ಲೈನ್ ಸಂದರ್ಶನ ಆಗಲೇ ಮುಗಿದಿತ್ತು.

"ಸರ, ಸ್ಕಾಲರ್‌ಶಿಪ್ ಆತ್ರಿ! ಸಂದರ್ಶನದಾಗ ಅವರು ನಿಮ್ಮ ಬಗ್ಗೆನೂ ಕೇಳಿದ್ರು. ತಪ್ಪು ಗೊತ್ತಾದ ಮ್ಯಾಲ ನಿಮ್ಮ ಪ್ರೊಫೆಸರ್ ಏನ್ ಮಾಡಿದ್ರು ಅಂತ."

ಅದನ್ನು ತಾಯಣ್ಣ ಪತ್ರದಲ್ಲಿ ಬರೆದಿರಲಿಲ್ಲ.

"ಏನ್ ಹೇಳ್ದಿ?"

"ಮರುದಿನ ಮುಂಜಾನಿ ಬಸ್ ಹತ್ತಿ ಆ ಊರಿಗೆ ಹೋದ್ರು, ಪಂಚಾಯ್ತಿ ಮುಂದ ನಿಂತು 'ನಂದು ತಪ್ಪಾಗೇದ, ಈ ನೀರು ಕುಡೀಬ್ಯಾಡ್ರಿ' ಅಂದ್ರು ಅಂದ್ನಿ. ಅದನ್ನ ನೋಡಿನs ನಾ ಈ ಅರ್ಜಿ ಹಾಕೀನಿ ಅಂತನೂ ಹೇಳ್ದೆ ಸರ."