ಗ್ರಾಫುಗಳಿಂದ ಉಬ್ಬಿದ ನೋಟ್‌ಬುಕ್

ಬಾಗಲಕೋಟೆಯ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ನಾನೂ ನನ್ನ ಗೆಳೆಯನೂ ಅಂತಿಮ ವರ್ಷದ ಪ್ರಾಜೆಕ್ಟನ್ನು ಕಳಿಸಲು ಕುಳಿತಿದ್ದೆವು. ರಾಮಥಾಳದ ಹೊಲಗಳ ಮಣ್ಣಿನ ತೇವವನ್ನು ವಿಶ್ಲೇಷಿಸಿದ, ಕೋಡೂ ಅದರ ಫಲಿತಾಂಶಗಳೂ ಒಂದೇ ಕಡತದಲ್ಲಿರುವ ಡೇಟಾ ಸೈನ್ಸ್ ನೋಟ್‌ಬುಕ್ ಅದು. ಸಂಜೆಯೊಳಗೆ ಸೇರದಿದ್ದರೆ ಅಂಕವಿಲ್ಲ. ಆದರೆ ಕಾಲೇಜಿನ ಜಾಲತಾಣವು ಕಡತ ತೀರಾ ದೊಡ್ಡದೆಂದು ಮತ್ತೆ ಮತ್ತೆ ತಿರಸ್ಕರಿಸುತ್ತಿತ್ತು. ಪ್ರತಿ ಹೊಲಕ್ಕೂ ಒಂದೊಂದು ಗ್ರಾಫ್ ಬರೆಸಿದ್ದೆವು. ಆ ಚಿತ್ರಗಳೆಲ್ಲ ಉದ್ದುದ್ದ ಅಕ್ಷರಮಾಲೆಗಳಾಗಿ ಕಡತದೊಳಗೇ ತುಂಬಿಕೊಂಡಿದ್ದವು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು ಎದ್ದು ನಿಂತೆ.

"ನಾವು ಉಳಿಸಬೇಕಾದದ್ದು ವಿಧಾನವನ್ನು, ಚಿತ್ರಗಳನ್ನಲ್ಲ! ಅಳಿಸಿಯೇ ಸೇವ್ ಮಾಡುವುದು ಇಡೀ ವಿಭಾಗದ ನಿಯಮವಾಗಬೇಕು..."

"ಭಾಷಣ ಆಮ್ಯಾಲ ಹೊಡಿಲೇ! ಗ್ರಾಫ್ ಅಳಿಸಿದ್ರ ಸರ್‌ಗೆ ಏನ್ ತೋರ್ಸೂದು?" ಎಂದ ಗೆಳೆಯ.

"ಕೋಡ್ ಇದ್ದ ಇರ್ತೈತಿ, ಡೇಟಾ ಅವರ ಕಡೀನ ಐತಿ. ಓಡಿಸಿದ್ರ ಎಲ್ಲಾ ಮತ್ತ ಬರ್ತಾವ."

ಔಟ್‌ಪುಟ್‌ಗಳನ್ನೆಲ್ಲ ಅಳಿಸುವ ಆಯ್ಕೆಯನ್ನು ವೀರಾವೇಶದಿಂದ ಒತ್ತಿದೆ. ಗ್ರಾಫುಗಳು ಮಾಯವಾದವು, ಕಡತದ ಗಾತ್ರ ಮಾತ್ರ ಕದಲಲಿಲ್ಲ.

"ಸೇವ್ ಯಾರ್ ಮಾಡ್ಬೇಕೋ, ಸಮಾಜ ಸುಧಾರಕ?"

ಸೇವ್ ಮಾಡಿದೆ. ಎಂಬಿಗಳಲ್ಲಿದ್ದ ಗಾತ್ರ ಕೆಬಿಗಳಿಗೆ ಇಳಿಯಿತು, ಕಡತ ಕ್ಷಣದಲ್ಲಿ ಜಾಲತಾಣ ಸೇರಿತು. ಇಬ್ಬರೂ ತಿರುಗುಕುರ್ಚಿಗಳಲ್ಲಿ ಗಿರಗಿರನೆ ತಿರುಗಿದೆವು.

ಎಲ್ಲ ಸರಿಯಿದೆಯೇ ಎಂದು ನೋಡಲು ನೋಟ್‌ಬುಕ್ಕನ್ನು ಮೊದಲಿನಿಂದ ಓಡಿಸಿದಾಗ ಗ್ರಾಫುಗಳು ಒಂದರ ಹಿಂದೊಂದು ಮರಳಿದವು. ಆ ಹಿಗ್ಗಿನಲ್ಲಿ ನನ್ನ ಬೆರಳು ಅಭ್ಯಾಸಬಲದಿಂದ ಸೇವ್‌ನತ್ತ ಸರಿಯಿತು. ಗೆಳೆಯ ಪಟ್ಟನೆ ಕೈಗೆ ಹೊಡೆದು ನಗುತ್ತ ಕೂಗಿದ:

"ಮದ್ಲ ಅಳ್ಸಲೇ! ನಿನ್ನ ನಿಯಮ ನೀನ ಮುರೀತಿ!"